ಉಪ್ಪಿನ ಗದ್ದೆಯ ಚಿತ್ರಕ್ಕೆ ಎಷ್ಟು ಖರ್ಚು? ಒಂದು ಸಾಕ್ಷ್ಯಚಿತ್ರದ ಆಯವ್ಯಯ

ದಲಿತ ವಿಮರ್ಶೆಯ ವಿಶೇಷ ಸಂಚಿಕೆಯಲ್ಲಿ ಖರ್ಚು-ವೆಚ್ಚದ ಪಟ್ಟಿ ಯಾಕೆ ಎಂದು ಕೆಲವು ಗೆಳೆಯರು ಕೇಳಬಹುದು. ಕಥೆಯನ್ನೋ ಕಾದಂಬರಿಯನ್ನೋ ಓದುವಾಗ ನಾವು ಕೇಳುವ ಪ್ರಶ್ನೆ ಒಂದಿದೆ: ಇಲ್ಲಿ ಯಾರ ಬದುಕಿನ ಬಗ್ಗೆ ಯಾರು ಮಾತಾಡುತ್ತಿದ್ದಾರೆ? ಸಾಕ್ಷ್ಯಚಿತ್ರದ ಮುಂದೆ ಕೂತಾಗ ಇದರ ಜೊತೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು. ಈ ಚಿತ್ರ ಆಗುವಾಗ ಯಾರಿಗೆ ದುಡ್ಡು ಸಿಕ್ಕಿತು, ಯಾರು ಪುಕ್ಕಟೆ ದುಡಿದರು? ಕವಿತೆ ಬರೆಯಲು ಒಂದು ಪೆನ್ನು ಸಾಕು. ಸಿನಿಮಾ ಹಾಗಲ್ಲ. ಅದರ ದೃಷ್ಟಿಕೋನದ ಅರ್ಧ ಭಾಗ ಕ್ಯಾಮೆರಾ ಹಿಡಿಯುವ ಮೊದಲೇ, ಲೆಕ್ಕದ ಹಾಳೆಯ ಮೇಲೆ ತೀರ್ಮಾನವಾಗಿರುತ್ತದೆ. ಇದನ್ನು ನಾನು ಪುಸ್ತಕ ಓದಿ ಕಲಿತಿಲ್ಲ, ಒಂದು ಚಿತ್ರ ಕೆಡಿಸಿ ಕಲಿತೆ.

ಎರಡು ವರ್ಷಗಳ ಹಿಂದೆ ನಾವು ಐದು ಜನ ಗೆಳೆಯರು ಸೇರಿ ಉಪ್ಪಿನ ಗದ್ದೆಯ ಕೆಲಸಗಾರರ ಮೇಲೆ ಹನ್ನೆರಡು ನಿಮಿಷದ ಒಂದು ಚಿತ್ರ ಮಾಡಿದೆವು. ನಾನು ಕಾಲೇಜಿನಲ್ಲಿ ಪಾಠ ಹೇಳುವವನು, ಉಳಿದವರಲ್ಲಿ ಇಬ್ಬರು ನನ್ನ ಹಳೆಯ ವಿದ್ಯಾರ್ಥಿಗಳು. ಕೈಯಿಂದ, ಸ್ನೇಹಿತರಿಂದ ಕೂಡಿಸಿದ್ದು 85,000 ರೂಪಾಯಿ. ಲೆಕ್ಕ ಅಂತ ಬರೆದಿಟ್ಟಿರಲಿಲ್ಲ, ಖರ್ಚಾದ ಹಾಗೆ ಚೀಟಿಗಳನ್ನು ಒಂದು ಡಬ್ಬಿಗೆ ಹಾಕುತ್ತಿದ್ದೆವು. ಎಲ್ಲ ಮುಗಿದ ಮೇಲೆ ಆ ಚೀಟಿಗಳನ್ನು ನಾಲ್ಕು ಗುಂಪು ಮಾಡಿ ನೋಡಿದೆ. ಚಿತ್ರೀಕರಣಕ್ಕೆ ಮೊದಲಿನ ತಯಾರಿಗೆ 4,000, ಚಿತ್ರೀಕರಣಕ್ಕೆ 62,000, ಸಂಕಲನಕ್ಕೆ 19,000. ನಾಲ್ಕನೆಯದು ಹಂಚಿಕೆ, ಅಂದರೆ ಚಿತ್ರವನ್ನು ಜನರ ಮುಂದೆ ಒಯ್ಯುವ ಖರ್ಚು. ಆ ಗುಂಪಿನಲ್ಲಿ ಒಂದೂ ಚೀಟಿ ಇರಲಿಲ್ಲ. ಚಿತ್ರ ಒಂದೇ ಒಂದು ಸಲ ಒಂದು ಸಭಾಂಗಣದಲ್ಲಿ ತೋರಿತು, ಆಮೇಲೆ ಹಾರ್ಡ್ ಡಿಸ್ಕಿನೊಳಗೆ ಮಲಗಿತು. ಯಾರ ಮೇಲೆ ಚಿತ್ರ ಮಾಡಿದ್ದೆವೋ ಅವರು ಅದನ್ನು ನೋಡಲೇ ಇಲ್ಲ.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಚಿತ್ರದಲ್ಲಿ ಮಾತಾಡಿದವರಲ್ಲಿ ದೂರದ ಸಂಬಂಧದಲ್ಲಿ ನನಗೆ ಅತ್ತೆಯಾಗಬೇಕಾದ ಹೆಂಗಸೊಬ್ಬಳಿದ್ದಳು. ಒಂದೇ ದೃಶ್ಯಕ್ಕೆ ಆಕೆಯನ್ನು ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ನಿಲ್ಲಿಸಿದ್ದೆವು. ಉಪ್ಪು ಎಳೆಯುವುದು, ಬುಟ್ಟಿ ಎತ್ತುವುದು, ಮತ್ತೆ ಬುಟ್ಟಿ ಇಳಿಸುವುದು. ಕೆಲಸ ಮುಗಿಸಿ ಸಾಮಾನು ಕಟ್ಟುವಾಗ ಆಕೆ ನನ್ನನ್ನು ಬದಿಗೆ ಕರೆದು ಕೇಳಿದಳು: “ತಮಾ, ಇವತ್ತಿಂದು ಅರ್ಧ ದಿನ ಹೋಯ್ತು. ನನ್ನ ಕೂಲಿ ಯಾರು ಕೊಡ್ತ್ರು?” ನನ್ನ ಬಾಯಿ ಕಟ್ಟಿತು. ಕ್ಯಾಮೆರಾದವನಿಗೆ ದಿನದ ಬಾಡಿಗೆ ಇತ್ತು. ಜೀಪಿನ ಡ್ರೈವರಿಗೆ ಇತ್ತು. ಟ್ರೈಪಾಡಿಗೂ ಬಾಡಿಗೆ ಇತ್ತು. ಯಾರ ದುಡಿಮೆಯ ಶೋಷಣೆಯ ಬಗ್ಗೆ ನಾವು ಚಿತ್ರ ಮಾಡುತ್ತಿದ್ದೆವೋ ಅವರ ದುಡಿಮೆ ಮಾತ್ರ ನಮಗೂ ಪುಕ್ಕಟೆಯೇ ಆಗಿತ್ತು. ಅದೂ ನಮ್ಮವರೇ ಮಾಡಿದ ಚಿತ್ರದಲ್ಲಿ.

ಈಗ ಅದೇ ವಿಷಯದ ಮೇಲೆ ಇಪ್ಪತ್ತು ನಿಮಿಷದ ಹೊಸ ಚಿತ್ರ ಮಾಡಹೊರಟಿದ್ದೇವೆ. ಈ ಸಲ ಮೊದಲು ಆಯವ್ಯಯ ಬರೆದೆವು. ಅದನ್ನು ಇಲ್ಲಿ ಬಿಡಿಸಿ ಇಡುತ್ತೇನೆ. ದರಗಳು ನಮಗೆ ಸಿಕ್ಕ ದರಗಳು, ನಿಮ್ಮೂರಲ್ಲಿ ಹೆಚ್ಚು ಕಡಿಮೆ ಆಗಬಹುದು. ಆದರೆ ಯಾವ ಖರ್ಚು ಯಾವ ಮನೆಯಲ್ಲಿ ಬರಬೇಕು ಅನ್ನುವುದು ಎಲ್ಲ ಕಡೆಯೂ ಒಂದೇ.

ವಿಷಯವೇನು ಅಂತ ಮೊದಲು ಹೇಳಬೇಕು. ಅಂಕೋಲಾ ಅಂದ ಕೂಡಲೇ ಕರ್ನಾಟಕದ ಜನ ನೆನೆಯುವುದು 1930ರ ಏಪ್ರಿಲ್ 13ರ ಉಪ್ಪಿನ ಸತ್ಯಾಗ್ರಹವನ್ನು, ಎಂ.ಪಿ. ನಾಡಕರ್ಣಿಯವರ ಮುಂದಾಳುತನವನ್ನು. ಶಾಲೆಯ ಪಾಠದಲ್ಲಿ ಅದು ಬರುತ್ತದೆ, ಬರಬೇಕಾದ್ದೇ. ಆದರೆ ಈ ಕರಾವಳಿಯಲ್ಲಿ ಸತ್ಯಾಗ್ರಹಕ್ಕೆ ಮೊದಲೂ ಆಮೇಲೂ ಉಪ್ಪು ತೆಗೆಯುವುದನ್ನೇ ಕುಲದ ಕೆಲಸ ಮಾಡಿಕೊಂಡ ಆಗೇರರು ಇದ್ದಾರೆ. ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಇರುವ ಈ ಜನರ ಹೆಸರಿನಲ್ಲೇ ಉಪ್ಪಿನ ಆಗರ ಇದೆ. ಒಂದು ದಿನ ಉಪ್ಪು ಮಾಡಿದ್ದು ಚರಿತ್ರೆಯಾಯಿತು, ತಲೆಮಾರುಗಟ್ಟಲೆ ಉಪ್ಪು ಮಾಡಿದ್ದು ಯಾಕೆ ಆಗಲಿಲ್ಲ? ಇದು ನಮ್ಮ ಚಿತ್ರದ ಪ್ರಶ್ನೆ. ಅಂಕೋಲೆಯ ಕೇರಿಗಳಲ್ಲಿ ಹಿರಿಯರ ಮಾತು, ಗಂಗಾವಳಿ ದಾಟಿ ದಕ್ಷಿಣಕ್ಕೆ ಹೋದರೆ ಗೋಕರ್ಣದ ಹತ್ತಿರ ಅಘನಾಶಿನಿ ಅಳಿವೆಯ ಬದಿಗೆ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳು. ಇವೆರಡರ ನಡುವೆ ಚಿತ್ರ ನಡೆಯುತ್ತದೆ.

ಈಗ ಮೊದಲ ಮನೆ, ಚಿತ್ರೀಕರಣಕ್ಕೆ ಮುಂಚಿನ ಖರ್ಚು. ಎಲ್ಲರೂ ಜಿಪುಣತನ ಮಾಡುವುದು ಇಲ್ಲೇ, ಯಾಕೆಂದರೆ ಈ ಹಂತದಲ್ಲಿ ತೋರಿಸಲು ಒಂದು ಚಿತ್ರವೂ ಇರುವುದಿಲ್ಲ. ನಾವು ಇದಕ್ಕೆ 26,000 ಇಟ್ಟಿದ್ದೇವೆ. ಕೇರಿಗಳಿಗೂ ಸಾಣಿಕಟ್ಟೆಗೂ ಹಲವು ಸಲ ಹೋಗಿ ಬರುವ ಪೆಟ್ರೋಲು, ಬಸ್ಸು, ಊಟಕ್ಕೆ 9,000. ಕಾರವಾರಕ್ಕೆ ಹೋಗಿ ಹಳೆಯ ಗೆಜೆಟಿಯರು, ಕಡತ, ಫೋಟೋ ಹುಡುಕಿ ಪ್ರತಿ ಮಾಡಿಸಲು 4,000. ಕೇರಿಯಲ್ಲಿ ಕೂತು ಚಿತ್ರದ ಬಗ್ಗೆ ಮಾತಾಡುವ ಎರಡು ಸಭೆಗೆ 3,000. ಉಳಿದ 10,000 ಕೇರಿಯ ಒಬ್ಬ ಹುಡುಗಿಗೆ. ಡಿಗ್ರಿ ಮುಗಿಸಿ ಮನೆಯಲ್ಲಿರುವ ಆಕೆ ನಮ್ಮ ಜೊತೆ ಸಂಶೋಧನೆ ಮಾಡುತ್ತಾಳೆ, ಹಿರಿಯರನ್ನು ಮಾತಾಡಿಸುತ್ತಾಳೆ.

ಈ ಹತ್ತು ಸಾವಿರದ ಬಗ್ಗೆ ನಮ್ಮೊಳಗೇ ಜಗಳ ಆಯಿತು. “ನಾವೆಲ್ಲ ಪುಕ್ಕಟೆ ಮಾಡ್ತಾ ಇದ್ದೇವೆ, ಅವಳಿಗೆ ಯಾಕೆ?” ಅಂತ ಒಬ್ಬ ಗೆಳೆಯ ಕೇಳಿದ. ಪುಕ್ಕಟೆ ದುಡಿಯಬೇಕಾದರೂ ಬೇರೆ ಎಲ್ಲಿಂದಲೋ ಒಂದು ಸಂಬಳ ಬರುತ್ತಿರಬೇಕು. ನನಗೆ ತಿಂಗಳ ಕೊನೆಗೆ ಸಂಬಳ ಬರುತ್ತದೆ, ಹಾಗಾಗಿ ನನ್ನ ರಜೆಯ ದಿನಗಳನ್ನು ದಾನ ಮಾಡಬಲ್ಲೆ. ಆಕೆಗೆ ಆ ಅನುಕೂಲ ಇಲ್ಲ. ಚಳವಳಿಯ ಹೆಸರಿನಲ್ಲಿ ಎಲ್ಲರೂ ಸಮಾನವಾಗಿ ತ್ಯಾಗ ಮಾಡೋಣ ಅನ್ನುವುದು ಕೇಳಲು ಚೆಂದ, ಆದರೆ ಅದು ಇದ್ದವನ ಸಮಾನತೆ. ಆದ್ದರಿಂದ ನಮ್ಮ ಹಾಳೆಯಲ್ಲಿ ಮೊತ್ತಕ್ಕೆ ಎರಡು ಅಂಕಣ ಮಾಡಿದೆವು. ಒಂದರಲ್ಲಿ ಕೈಯಿಂದ ನಿಜವಾಗಿ ಹೋಗುವ ದುಡ್ಡು, ಇನ್ನೊಂದರಲ್ಲಿ ದಾನವಾಗಿ ಬಂದ ದುಡಿಮೆಯ ಬೆಲೆ. ನಿರ್ದೇಶಕ ಅಂತ ನನ್ನ ಕೆಲಸ ಎರಡನೇ ಅಂಕಣದಲ್ಲಿ ಇದೆ. ಅದನ್ನು ಸೊನ್ನೆ ಅಂತ ಬರೆದರೆ ಮುಂದೆ ಸಂಬಳವಿಲ್ಲದ ಒಬ್ಬ ದಲಿತ ಹುಡುಗ ಚಿತ್ರ ಮಾಡಲು ಹೊರಟಾಗ “ಅವರು ಅಷ್ಟರಲ್ಲೇ ಮಾಡಿದರಲ್ಲ” ಅಂತ ನಮ್ಮ ಹಾಳೆಯನ್ನೇ ಅವನ ಮುಂದೆ ಹಿಡಿಯುತ್ತಾರೆ.

ಎರಡನೇ ಮನೆ ಚಿತ್ರೀಕರಣ. ಇಲ್ಲಿ ದಿನಗಳ ಲೆಕ್ಕವೇ ದುಡ್ಡಿನ ಲೆಕ್ಕ. ದಿನ ಎಷ್ಟು ಅಂತ ತೀರ್ಮಾನ ಮಾಡುವುದು ಉಪ್ಪಿನ ಗದ್ದೆ, ನಾವಲ್ಲ. ಮಳೆಗಾಲ ಮುಗಿದ ಮೇಲೆ ಗದ್ದೆಯ ನೀರು ತೆಗೆದು, ಕೆಸರು ಹಸನು ಮಾಡಿ, ನೆಲ ತುಳಿದು ಗಟ್ಟಿ ಮಾಡುತ್ತಾರೆ. ಆಮೇಲೆ ಉಪ್ಪು ನೀರು ಹಾಯಿಸಿ ಬಿಸಿಲಿಗೆ ಬಿಡುತ್ತಾರೆ. ಉಪ್ಪು ತೆಗೆಯುವುದು ಬೇಸಿಗೆಯ ತಿಂಗಳುಗಳಲ್ಲಿ. ಬರೀ ಬೇಸಿಗೆಯಲ್ಲಿ ಹೋದರೆ ಬೆಳ್ಳಗೆ ಹೊಳೆಯುವ ಉಪ್ಪಿನ ರಾಶಿ ಸಿಗುತ್ತದೆ, ಅದನ್ನು ಸಾಧ್ಯ ಮಾಡಿದ ಕೆಸರಿನ ಕೆಲಸ ಸಿಗುವುದಿಲ್ಲ. ನಮ್ಮ ಮೊದಲ ಚಿತ್ರ ಹೀಗೇ ಆಯಿತು. ನೋಡಿದವರು “ಎಷ್ಟು ಸುಂದರ ಜಾಗ” ಅಂದರು. ಬೆನ್ನು ಬಗ್ಗಿಸಿದ್ದು ಯಾರಿಗೂ ಕಾಣಲಿಲ್ಲ. ಹಾಗಾಗಿ ಈ ಸಲ ಎರಡು ಕಂತು: ನೆಲ ಹಸನು ಮಾಡುವಾಗ ಎರಡು ದಿನ, ಉಪ್ಪು ತೆಗೆಯುವಾಗ ನಾಲ್ಕು ದಿನ. ಒಟ್ಟು ಆರು.

ಆರು ದಿನದ ಚಿತ್ರೀಕರಣ ಅಂದರೆ ಬಾಡಿಗೆಯೂ ಆರು ದಿನದ್ದೇ ಅಂತ ತಿಳಿಯಬಾರದು. ಕ್ಯಾಮೆರಾ ಮತ್ತು ಲೆನ್ಸು ನಾವು ಹುಬ್ಬಳ್ಳಿಯಿಂದ ತರಬೇಕು. ಘಟ್ಟ ಇಳಿದು ಹತ್ತುವ ದಿನಕ್ಕೂ ಬಾಡಿಗೆ ಬೀಳುತ್ತದೆ. ಕಂತಿಗೆ ಒಂದು ದಿನದಂತೆ ಎರಡು ದಿನ ಸೇರಿಸಿದರೆ ಎಂಟು ದಿನ, ದಿನಕ್ಕೆ 3,500ರಂತೆ 28,000. ಕ್ಯಾಮೆರಾ ಹಿಡಿಯುವವರಿಗೂ ಅವರ ಸಹಾಯಕರಿಗೂ ಕೂಡಿ ದಿನಕ್ಕೆ 5,000, ಆರು ದಿನಕ್ಕೆ 30,000. ವಾಹನಕ್ಕೆ 18,000. ಐದು ಜನರ ಊಟ-ವಸತಿಗೆ 15,000. ಚಿತ್ರೀಕರಿಸಿದ್ದನ್ನು ಅದೇ ರಾತ್ರಿ ಎರಡು ಕಡೆ ಪ್ರತಿ ಮಾಡಿ ಇಡಲು ಎರಡು ಹಾರ್ಡ್ ಡಿಸ್ಕು, 12,000. ಎರಡನೇ ಡಿಸ್ಕು ದುಂದು ಅನಿಸುತ್ತದೆ. ಒಂದು ಡಿಸ್ಕು ಕೆಟ್ಟರೆ ಅದರೊಳಗಿನ ಅಜ್ಜಿಯ ಮಾತನ್ನು ಮತ್ತೆ ಆಡಿಸಲು ಬರುವುದಿಲ್ಲ, ಆಕೆ ಬದುಕಿದ್ದರೂ ಬರುವುದಿಲ್ಲ.

ಧ್ವನಿಯ ಮಾತು ಬೇರೆಯಾಗಿಯೇ ಹೇಳಬೇಕು. ಮೊದಲ ಸಲ ನಾವು ಕ್ಯಾಮೆರಾದ ಮೈಕನ್ನೇ ನಂಬಿದ್ದೆವು. ಉಪ್ಪಿನ ಗದ್ದೆ ಬಯಲು, ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಗಾಳಿ ಏಳುತ್ತದೆ. ಚಿತ್ರೀಕರಣದ ಹೊತ್ತಿನಲ್ಲಿ ನಮ್ಮ ಕಿವಿ ಆ ಗಾಳಿಯನ್ನು ತಾನೇ ಬದಿಗೆ ಸರಿಸಿ ಮಾತನ್ನು ಕೇಳಿತು, ಮೈಕು ಹಾಗೆ ಮಾಡಲಿಲ್ಲ. ಸಂಕಲನದ ಕೋಣೆಯಲ್ಲಿ ಕೂತಾಗ ಮಾತಿನ ಮೇಲೆ ಗೊರಗೊರ ಶಬ್ದ. ಆ ಮಾತುಗಳನ್ನು ಕೈಬಿಟ್ಟು ಅವುಗಳ ಜಾಗದಲ್ಲಿ ನನ್ನ ಧ್ವನಿಯ ವಿವರಣೆ ಹಾಕಿದೆವು. ಅಂದರೆ ಏನಾಯಿತು ನೋಡಿ: ಧ್ವನಿಗೆ ದುಡ್ಡು ಇಡದಿದ್ದುದರಿಂದ ಕೆಲಸಗಾರರ ಮಾತು ಹೋಗಿ ಎಂ.ಎ. ಓದಿದವನ ಮಾತು ಬಂತು. ಪ್ರಾತಿನಿಧ್ಯದ ಬಗ್ಗೆ ನಾವು ಬರೆಯುವ ಉದ್ದುದ್ದ ಲೇಖನಗಳಲ್ಲಿ ಇಂಥ ಸಣ್ಣ ಕಾರಣ ಸಿಗುವುದಿಲ್ಲ. ಈ ಸಲ ಧ್ವನಿಗೆ ಬೇರೆ ಒಬ್ಬರು, ಅವರದೇ ಮೈಕು, ಅದಕ್ಕೆ ತುಪ್ಪುಳಿನ ಗಾಳಿಮುಸುಕು, ಕಿವಿಗೆ ಹೆಡ್‌ಫೋನು. ದಿನಕ್ಕೆ 3,000ರಂತೆ 18,000. ಕಿವಿಗೆ ಹೆಡ್‌ಫೋನು ಇಲ್ಲದೆ ಧ್ವನಿ ಹಿಡಿಯುವವರು ಬಂದರೆ ಅಲ್ಲೇ ಗೊತ್ತಾಗಬೇಕು, ಕೆಲಸ ಕೆಡುತ್ತದೆ ಅಂತ.

ಚಿತ್ರೀಕರಣದ ಕೊನೆಯ ಸಾಲು, ನನ್ನ ಅತ್ತೆಯ ಪ್ರಶ್ನೆಗೆ ಉತ್ತರ. “ಕೆಲಸ ಕಳೆದುಕೊಂಡವರ ಕೂಲಿ: 20 ಆಳಿನ ದಿನ, ದಿನಕ್ಕೆ 600, ಒಟ್ಟು 12,000.” ಸಾಕ್ಷ್ಯಚಿತ್ರದಲ್ಲಿ ಮಾತಾಡಿದವರಿಗೆ ದುಡ್ಡು ಕೊಡಬಾರದು, ಕೊಟ್ಟರೆ ಸಾಕ್ಷ್ಯ ಕೊಂಡ ಹಾಗೆ ಅಂತ ಒಂದು ವಾದ ಇದೆ. ವಾದದಲ್ಲಿ ಹುರುಳಿಲ್ಲದೇ ಇಲ್ಲ. ದುಡ್ಡಿನ ಆಸೆಗೆ ನಮಗೆ ಬೇಕಾದ ಮಾತನ್ನೇ ಆಡಬಹುದು. ಹಾಗಾಗಿ ನಾವು ಕೆಲವು ಕಟ್ಟುಪಾಡು ಮಾಡಿಕೊಂಡೆವು. ದುಡ್ಡು ಮಾತಿಗಲ್ಲ, ಹೋದ ಹೊತ್ತಿಗೆ. ದರ ಆ ಊರಿನ ಆ ಕೆಲಸದ ಕೂಲಿ, ಅದಕ್ಕಿಂತ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಚೆನ್ನಾಗಿ ಮಾತಾಡಿದವರಿಗೂ ಸುಮ್ಮನೆ ನಿಂತವರಿಗೂ ಒಂದೇ. ಕ್ಯಾಮೆರಾ ಶುರುವಾಗುವ ಮೊದಲೇ ಕೊಡಬೇಕು, ಆಮೇಲೆ ಯಾರಾದರೂ “ನಂದು ಹಾಕಬೇಡಿ” ಅಂದರೂ ವಾಪಸು ಕೇಳಬಾರದು. ಮನೆಯ ಜಗುಲಿಯ ಮೇಲೆ ಬಿಡುವಿನಲ್ಲಿ ಕೂತು ಹಳೇ ಕಥೆ ಹೇಳುವವರಿಗೆ ಈ ಸಾಲು ಬರುವುದಿಲ್ಲ, ಅಲ್ಲಿ ಕೂಲಿ ಹೋಗಿಲ್ಲ. ಎಲ್ಲ ಕೂಡಿ ಚಿತ್ರೀಕರಣಕ್ಕೆ 1,33,000. ಅದರಲ್ಲಿ ಈ ಸಾಲು ಹತ್ತರಲ್ಲಿ ಒಂದು ಪಾಲೂ ಇಲ್ಲ. ಇಷ್ಟು ಸಣ್ಣ ಮೊತ್ತವನ್ನು ಮೊದಲ ಸಲ ನಾವು ಮರೆತದ್ದು ದುಡ್ಡಿಲ್ಲದೆ ಅಲ್ಲ.

ಮೂರನೇ ಮನೆ ಸಂಕಲನ. ದಿನಕ್ಕೆ ಎರಡೂವರೆ ಗಂಟೆಯಷ್ಟು ಚಿತ್ರೀಕರಿಸಿದರೂ ಆರು ದಿನಕ್ಕೆ ಹದಿನೈದು ಗಂಟೆ. ಅದನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಬೇಕು, ಅಂದರೆ ನಲವತ್ತೈದು ನಿಮಿಷದಲ್ಲಿ ಒಂದು ನಿಮಿಷ ಉಳಿಯುತ್ತದೆ. ಸಂಕಲನಕಾರರ ಪಕ್ಕ ಕೂತು ಹದಿನೈದು ಗಂಟೆಯನ್ನೂ ನೋಡುತ್ತಾ ಹೋದರೆ ಅವರ ದಿನಗೂಲಿ ಕರಗುತ್ತದೆ. ಮೊದಲ ಚಿತ್ರದ 19,000 ಹೀಗೇ ಅರ್ಧ ಹೋಯಿತು. ಆದ್ದರಿಂದ ಸಂಕಲನಕ್ಕೆ ಮೊದಲು ಎಲ್ಲ ಮಾತನ್ನೂ ಕಾಗದಕ್ಕೆ ಇಳಿಸುವುದು, ಯಾವ ಮಾತು ಎಷ್ಟನೇ ನಿಮಿಷದಲ್ಲಿ ಇದೆ ಎಂದು ಗುರುತು ಹಾಕುವುದು. ಹತ್ತು ದಿನದ ಕೆಲಸ, 8,000. ಇದನ್ನು ಕೇರಿಯ ಮಾತು ಬಲ್ಲವರೇ ಮಾಡಬೇಕು. ಬೆಂಗಳೂರಿನ ಕನ್ನಡದವರಿಗೆ ಕೊಟ್ಟರೆ ಅರ್ಧ ಮಾತು “ಕೇಳಿಸುತ್ತಿಲ್ಲ” ಎಂದು ಬರುತ್ತದೆ. ಆ ಕಾಗದದ ಮೇಲೆ ಚಿತ್ರವನ್ನು ಒಮ್ಮೆ ಜೋಡಿಸಿಕೊಂಡು ಹೋದರೆ ಸಂಕಲನಕಾರರಿಗೆ ಹದಿನೈದು ದಿನ ಸಾಕು, ದಿನಕ್ಕೆ 2,000ರಂತೆ 30,000. ಧ್ವನಿ ಹದ ಮಾಡುವುದು, ಬಣ್ಣ ಸರಿಮಾಡುವುದು 12,000. ಇಂಗ್ಲಿಷ್ ಉಪಶೀರ್ಷಿಕೆಗೆ 6,000.

ಇದೇ ಮನೆಯಲ್ಲಿ 4,000ದ ಇನ್ನೊಂದು ಸಾಲು ಇದೆ: ಕರಡು ಚಿತ್ರವನ್ನು ಕೇರಿಯಲ್ಲಿ ತೋರಿಸುವುದು. ಇದು ಹಂಚಿಕೆಯ ಖರ್ಚಲ್ಲವೇ ಎಂದು ಕೇಳಬಹುದು. ಅಲ್ಲ. ಹಂಚಿಕೆಯಲ್ಲಿ ಇಟ್ಟರೆ ಚಿತ್ರ ಮುಗಿದ ಮೇಲೆ ತೋರಿಸುತ್ತೇವೆ, ಆಗ ಅವರು ಚಪ್ಪಾಳೆ ತಟ್ಟಬಹುದು ಅಷ್ಟೇ. ಸಂಕಲನದಲ್ಲಿ ಇಟ್ಟರೆ “ಇದು ತೆಗೀರಿ”, “ಇದು ಹೀಗಲ್ಲ” ಅನ್ನುವ ಅಧಿಕಾರ ಅವರಿಗೆ ಇರುತ್ತದೆ, ತಿದ್ದಲು ಸಂಕಲನಕಾರರ ದಿನಗಳೂ ಉಳಿದಿರುತ್ತವೆ. ಹದಿನೈದು ದಿನದಲ್ಲಿ ಮೂರು ದಿನವನ್ನು ಇದಕ್ಕೆಂದೇ ಮುಟ್ಟದೆ ಇಟ್ಟಿದ್ದೇವೆ. ಒಂದು ಸಾಲು ಯಾವ ಮನೆಯಲ್ಲಿ ಕೂರುತ್ತದೆ ಅನ್ನುವುದು ಬರೀ ಗುಮಾಸ್ತೆಯ ವಿಷಯವಲ್ಲ. ಸಂಕಲನದ ಒಟ್ಟು 60,000.

ನಾಲ್ಕನೇ ಮನೆ ಹಂಚಿಕೆ, 54,000. ಒಟ್ಟು ಖರ್ಚಿನ ಐದನೇ ಒಂದು ಪಾಲು. ಇಪ್ಪತ್ತು ಕಡೆ ತೋರಿಸಬೇಕು ಅಂತ ನಮ್ಮ ಯೋಚನೆ: ಕೇರಿ, ಶಾಲೆ, ಹಾಸ್ಟೆಲು, ಸಂಘಟನೆಯ ಶಿಬಿರ. ಒಂದು ಪ್ರದರ್ಶನಕ್ಕೆ ಪ್ರೊಜೆಕ್ಟರು, ಸ್ಪೀಕರು, ಪರದೆಯ ಬಾಡಿಗೆ, ಹೋಗಿಬರುವ ಖರ್ಚು ಸೇರಿ 1,500, ಇಪ್ಪತ್ತಕ್ಕೆ 30,000. ಸಾರ್ವಜನಿಕ ಪ್ರದರ್ಶನಕ್ಕೆ 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಪ್ರಮಾಣಪತ್ರ ಬೇಕು, ಕಿರುಚಿತ್ರ ಎಂದು ವಿನಾಯಿತಿ ಇಲ್ಲ. ಅದರ ಶುಲ್ಕ, ಕಾಗದಪತ್ರ, ಬೆಂಗಳೂರಿಗೆ ಓಡಾಟ ಎಲ್ಲ ಸೇರಿ 10,000 ಇಟ್ಟಿದ್ದೇವೆ. ಚಿತ್ರೋತ್ಸವಗಳ ಪ್ರವೇಶಕ್ಕೆ 8,000, ಪೋಸ್ಟರು ಮತ್ತು ಒಂದು ಸಣ್ಣ ಪುಸ್ತಿಕೆಗೆ 6,000.

ಪ್ರಮಾಣಪತ್ರ ಬರೀ ಶುಲ್ಕದ ಪ್ರಶ್ನೆ ಅಲ್ಲ. 2004ರಲ್ಲಿ ಮುಂಬಯಿ ಅಂತಾರಾಷ್ಟ್ರೀಯ ಚಿತ್ರೋತ್ಸವಕ್ಕೆ ಭಾರತದ ಸಾಕ್ಷ್ಯಚಿತ್ರಗಳು ಸೆನ್ಸಾರ್ ಪತ್ರ ತರಬೇಕು ಎಂಬ ಮಾತು ಬಂದಾಗ ಚಿತ್ರಕರ್ಮಿಗಳು ಪ್ರತಿಭಟಿಸಿ ‘ವಿಕಲ್ಪ್’ ಎಂಬ ಪರ್ಯಾಯ ಉತ್ಸವವನ್ನೇ ಕಟ್ಟಿದರು. ಮಲ ಹೊರುವವರ ಬದುಕಿನ ಮೇಲೆ ದಿವ್ಯಭಾರತಿ ತಮಿಳಿನಲ್ಲಿ ಮಾಡಿದ ‘ಕಕ್ಕೂಸ್’ 2017ರಲ್ಲಿ ಬಂದಾಗ ಅದರ ಪ್ರದರ್ಶನಗಳಿಗೆ ಅಡ್ಡಿ ಬಂತು, ಆಮೇಲೆ ಯೂಟ್ಯೂಬಿನಲ್ಲಿ ಹಾಕಿದರು. “ಹಾಗಾದರೆ ನಾವೂ ಯೂಟ್ಯೂಬಿಗೆ ಹಾಕಿದರೆ ಹಂಚಿಕೆಯ ಖರ್ಚು ಉಳಿಯುತ್ತದಲ್ಲ?” ಅಂತ ನನ್ನ ವಿದ್ಯಾರ್ಥಿಯೊಬ್ಬ ಕೇಳಿದ. ಹಾಕೋಣ, ಪ್ರದರ್ಶನಗಳು ಮುಗಿದ ಮೇಲೆ. ಆದರೆ ಒಬ್ಬೊಬ್ಬರೇ ಮೊಬೈಲಿನಲ್ಲಿ ನೋಡುವುದಕ್ಕೂ ಕೇರಿಯ ಐವತ್ತು ಜನ ಒಟ್ಟಿಗೆ ಕೂತು ನೋಡಿ ಆಮೇಲೆ ಮಾತಾಡುವುದಕ್ಕೂ ವ್ಯತ್ಯಾಸ ಇದೆ. ನಮ್ಮ 1,500 ರೂಪಾಯಿ ಹೋಗುವುದು ಆ ಎರಡನೆಯದಕ್ಕೆ.

ನಾಲ್ಕೂ ಮನೆ ಕೂಡಿಸಿದರೆ ಹೀಗೆ:

ಚಿತ್ರೀಕರಣಕ್ಕೆ ಮುಂಚೆ: 26,000
ಚಿತ್ರೀಕರಣ: 1,33,000
ಸಂಕಲನ: 60,000
ಹಂಚಿಕೆ: 54,000
ಒಟ್ಟು: 2,73,000
ಆಕಸ್ಮಿಕಕ್ಕೆ ನೂರಕ್ಕೆ ಹತ್ತು: 27,300
ಎಲ್ಲ ಸೇರಿ: 3,00,300

ಆಕಸ್ಮಿಕದ ಹಣ ಗುಟ್ಟಿನ ಗಂಟಲ್ಲ. ಬೇಸಿಗೆಯಲ್ಲಿ ಅಕಾಲಕ್ಕೆ ಒಂದು ಮಳೆ ಬಿದ್ದರೆ ಗದ್ದೆಯ ಉಪ್ಪು ಕರಗುತ್ತದೆ, ಕೆಲಸ ನಿಲ್ಲುತ್ತದೆ, ನಮ್ಮ ಬಾಡಿಗೆ ಮಾತ್ರ ನಿಲ್ಲುವುದಿಲ್ಲ. ಅಂಥ ಒಂದೂವರೆ ದಿನಕ್ಕೆ ಈ ಹಣ ಸಾಲುತ್ತದೆ. ಅದಕ್ಕಿಂತ ಹೆಚ್ಚು ಮಳೆಯಾದರೆ ಸಾಲುವುದಿಲ್ಲ, ಆಗ ಮುಂದಿನ ವರ್ಷಕ್ಕೆ ಕಾಯಬೇಕು. ಕಾಯುವುದೂ ಈ ಕೆಲಸದ ಒಂದು ಖರ್ಚೇ. ಆನಂದ್ ಪಟವರ್ಧನ್ ಅವರ ‘ಜೈ ಭೀಮ್ ಕಾಮ್ರೇಡ್’ 1997ರ ರಮಾಬಾಯಿ ನಗರದ ಗೋಲಿಬಾರಿನ ಹಿಂದೆ ಹೊರಟು 2011ರಲ್ಲಿ ಮುಗಿಯಿತು. ಹದಿನಾಲ್ಕು ವರ್ಷವನ್ನು ಯಾವ ಹಾಳೆಯಲ್ಲಿ ಬರೆಯುವುದು?

ಮೂರು ಲಕ್ಷ ಕೂಡದಿದ್ದರೆ ಏನು ಮಾಡುವುದು ಎಂದೂ ಮೊದಲೇ ಬರೆದಿಟ್ಟಿದ್ದೇವೆ, ಯಾಕೆಂದರೆ ದುಡ್ಡು ಕಡಿಮೆ ಬಿದ್ದ ಗಡಿಬಿಡಿಯಲ್ಲಿ ಕತ್ತರಿ ಹೋಗುವುದು ಬಾಯಿಲ್ಲದವರ ಸಾಲಿಗೇ. ಮೊದಲು ಹೋಗಬೇಕಾದ್ದು ಕ್ಯಾಮೆರಾದ ಬಾಡಿಗೆ, 28,000. ಸ್ವಂತ ಕ್ಯಾಮೆರಾ ಇರುವ ಗೆಳೆಯರನ್ನು ಹುಡುಕುತ್ತೇವೆ, ಚಿತ್ರ ಅಷ್ಟು ಥಳಥಳ ಹೊಳೆಯದಿದ್ದರೂ ನಡೆಯುತ್ತದೆ. ಆಮೇಲೆ ಬಾಡಿಗೆ ವಾಹನ ಬಿಟ್ಟು ಬೈಕು, ಅದರಲ್ಲಿ 12,000 ಉಳಿಯುತ್ತದೆ. ಸಂಕಲನ ಹತ್ತು ದಿನಕ್ಕೆ ಇಳಿದರೆ 10,000, ಬಣ್ಣದ ಕೆಲಸ ಬಿಟ್ಟರೆ 6,000, ಚಿತ್ರೋತ್ಸವಗಳ ಆಸೆ ಬಿಟ್ಟರೆ 8,000. ಒಟ್ಟು 64,000 ಇಳಿದು, ಆಕಸ್ಮಿಕವೂ ಸೇರಿ 2,29,900ಕ್ಕೆ ಬಂದು ನಿಲ್ಲುತ್ತದೆ. ಧ್ವನಿ, ಆಳಿನ ಕೂಲಿ, ಕೇರಿಯ ಹುಡುಗಿಯ ಹತ್ತು ಸಾವಿರ, ತಿದ್ದುವ ಮೂರು ದಿನ, ಇಪ್ಪತ್ತು ಪ್ರದರ್ಶನ ಇವಕ್ಕೆ ಕತ್ತರಿ ಇಲ್ಲ. ಇವನ್ನೂ ಕತ್ತರಿಸಬೇಕಾದ ಸ್ಥಿತಿ ಬಂದರೆ ಚಿತ್ರವನ್ನೇ ನಿಲ್ಲಿಸುತ್ತೇವೆ.

ಈ ಹಾಳೆಯನ್ನು ಮೊನ್ನೆ ಕೇರಿಯ ಸಭೆಯಲ್ಲಿ ಓದಿ ಹೇಳಿದೆ. ಅತ್ತೆ ಗೋಡೆಗೆ ಒರಗಿ ಕೂತಿದ್ದಳು. ಕೂಲಿಯ ಸಾಲು ಬಂದಾಗ ಏನೂ ಅನ್ನಲಿಲ್ಲ. ಎಲ್ಲ ಮುಗಿದ ಮೇಲೆ ಕೇಳಿದಳು: “ತಮಾ, ಹೋದ ಸಲದ್ದು ಅರ್ಧ ದಿನ ಇದ್ರಲ್ಲಿ ಬಂತಾ?” ಬಂದಿರಲಿಲ್ಲ. ಹಳೆಯ ಚಿತ್ರದ ಹಾಳೆಯಲ್ಲಿ ಈಗ ಅದನ್ನು ಬಾಕಿ ಎಂದು ಬರೆದಿದ್ದೇನೆ. ಆಕೆಯ ಜೊತೆ ಆ ದಿನ ನಿಂತ ಇನ್ನೂ ನಾಲ್ಕು ಜನರದ್ದೂ ಸೇರಿ ಐದು ಅರ್ಧ ದಿನ, 1,500 ರೂಪಾಯಿ. ಅದು ತೀರಿದ ಮೇಲೆ ಹೊಸ ಚಿತ್ರದ ಮೊದಲ ಚೀಟಿ ಬರೆಯುತ್ತೇವೆ.